ಉಪ್ಪು ನೀರು ಗಾರ್ಗಲ್ ಮಾಡಿದ ಅರ್ಧ ಗಂಟೆಗೆ ಗಂಟಲು ನೋವು ಮರಳುತ್ತಿದೆ, ಉಪ್ಪು ಇನ್ನೂ ಹೆಚ್ಚಿಸಬೇಕೇ?

ವೀಣಾ_ವಿಜಯನಗರ (ಸೋಮವಾರ, ರಾತ್ರಿ 9.40)

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ದಿನಕ್ಕೆ ಐದು ಪೀರಿಯಡ್ ಮಾತನಾಡಲೇಬೇಕಾದ ಕೆಲಸ. ಶುಕ್ರವಾರ ಮೂಗು ಸೋರುವುದರೊಂದಿಗೆ ಶುರುವಾದ ನೆಗಡಿ ಶನಿವಾರದ ಹೊತ್ತಿಗೆ ಗಂಟಲಿಗೆ ಇಳಿಯಿತು. ಈಗ ಉಗುಳು ನುಂಗಿದರೂ ನೋವು, ಜೊತೆಗೆ ಸ್ವಲ್ಪ ಕೆಮ್ಮು ಇದೆ. ಜ್ವರ ಬಂದಿಲ್ಲ.

ಮೊದಲ ದಿನ ಒಂದು ಲೋಟ ಬಿಸಿ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಗಾರ್ಗಲ್ ಮಾಡಿದೆ. ಹಿತವಾಯಿತು, ಆದರೆ ಅರ್ಧ ಗಂಟೆಗೆ ನೋವು ಮತ್ತೆ ಬಂತು. ಉಪ್ಪು ಸಾಲದೆಂದು ಒಂದು ಚಮಚ ಮಾಡಿದೆ, ನಿನ್ನೆಯಿಂದ ಎರಡು ಚಮಚ ಹಾಕುತ್ತಿದ್ದೇನೆ. ದಿನಕ್ಕೆ ಏಳೆಂಟು ಬಾರಿ ಮಾಡಿದರೂ ನೋವು ಕಡಿಮೆಯಾಗುವ ಬದಲು ಈಗ ಗಂಟಲು ಉರಿಯುತ್ತಿದೆ, ಒಣಗಿದಂತಾಗಿದೆ. ನಡುನಡುವೆ ಲೋಜೆಂಜ್ ಚೀಪುತ್ತಿದ್ದೇನೆ. ಉಪ್ಪಿನ ಸರಿಯಾದ ಅಳತೆ ಎಷ್ಟು, ಮತ್ತು ಈ ಎರಡೂ ನಿಜಕ್ಕೂ ಏನು ಮಾಡುತ್ತವೆ ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಸೋಮಣ್ಣ_ಗಿರಿನಗರ (9.52)

ಅಮ್ಮಾ, ನೀರು ಬಿಸಿಯಾಗಿರಬೇಕು, ಉಪ್ಪು ನಾಲಿಗೆಗೆ ಕಹಿ ಹತ್ತುವಷ್ಟು ಇರಬೇಕು. ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದೆ ಇರುವುದು ಏಕೆ? ಉಪ್ಪು ಹುಳವನ್ನು ಬದುಕಲು ಬಿಡುವುದಿಲ್ಲ. ಗಂಟಲಿನ ಕೀಟಾಣುವಿಗೂ ಅದೇ ನ್ಯಾಯ. ಉರಿಯುತ್ತಿದೆ ಎಂದರೆ ಕೆಲಸ ಮಾಡುತ್ತಿದೆ ಎಂದರ್ಥ, ನಿಲ್ಲಿಸಬೇಡಿ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹೀಗೆಯೇ ಮಾಡಿಕೊಂಡು ಬಂದಿದ್ದೇವೆ.

ಕಲ್ಯಾಣಿ_ಹನುಮಂತನಗರ (9.58)

ಉರಿಯುತ್ತಿದ್ದರೂ ಮುಂದುವರಿಸಿ ಎಂದು ಹೇಳುವುದು ಸರಿಯಲ್ಲ ಸೋಮಣ್ಣನವರೇ. ಗಾಯಕ್ಕೆ ಉಪ್ಪು ಸವರಿದರೆ ಉರಿಯುವುದು ಗಾಯ ವಾಸಿಯಾಗುತ್ತಿದೆ ಎಂದಲ್ಲ.

ಜಯನಗರದ_ಹಳೆಯ_ವೈದ್ಯ (10.25)

ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ವೀಣಾ ಅವರ ಲೋಟದಲ್ಲಿ ಏನಿದೆ ಎಂಬ ಲೆಕ್ಕದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉತ್ತರದ ಅರ್ಧ ಭಾಗ ಅಲ್ಲಿಯೇ ಇದೆ.

ಪುಡಿ ಉಪ್ಪಿನ ಮಟ್ಟ ಮಾಡಿದ ಒಂದು ಟೀ ಚಮಚ ಸುಮಾರು 6 ಗ್ರಾಂ ತೂಗುತ್ತದೆ. ನಮ್ಮ ಮನೆಗಳ ಸ್ಟೀಲ್ ಲೋಟ ಸುಮಾರು 200 ಮಿಲಿಲೀಟರ್ ಹಿಡಿಯುತ್ತದೆ. ಎರಡು ಚಮಚ ಎಂದರೆ 12 ಗ್ರಾಂ, ಅಂದರೆ ಶೇಕಡ 6ರ ದ್ರಾವಣ. ಸಮುದ್ರದ ನೀರಿನಲ್ಲಿ ಉಪ್ಪು ಇರುವುದು ಸುಮಾರು ಶೇಕಡ 3.5. ನೀವು ದಿನಕ್ಕೆ ಏಳೆಂಟು ಬಾರಿ, ಈಗಾಗಲೇ ಊದಿಕೊಂಡು ಸವೆದಿರುವ ಗಂಟಲಿನ ಮೇಲೆ, ಸಮುದ್ರಕ್ಕಿಂತಲೂ ಉಪ್ಪಾದ ನೀರನ್ನು ಸುರಿಯುತ್ತಿದ್ದೀರಿ. ಉರಿ ಮತ್ತು ಒಣಗುವಿಕೆ ಅದರಿಂದಲೇ ಬಂದಿದೆ, ಕಾಯಿಲೆ ಹೆಚ್ಚಾಗಿದೆ ಎಂದು ಹೆದರಬೇಡಿ.

ನಮ್ಮ ದೇಹದ ದ್ರವಕ್ಕೆ ಸರಿಸಮವಾದ ಉಪ್ಪು ನೀರು ಶೇಕಡ 0.9, ಅಂದರೆ ಲೀಟರಿಗೆ 9 ಗ್ರಾಂ. ಅದಕ್ಕಿಂತ ಸ್ವಲ್ಪವೇ ಹೆಚ್ಚು ಇದ್ದರೆ ಊದಿಕೊಂಡ ಪೊರೆಯಿಂದ ಒಂದಿಷ್ಟು ನೀರು ಹೊರಕ್ಕೆ ಸೆಳೆಯಲ್ಪಟ್ಟು ಬಿಗಿತ ಸಡಿಲವಾಗುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಅದರ ಜೊತೆಗೆ ಅಂಟಿಕೊಂಡ ಕಫವನ್ನು ನೀರು ತೊಳೆದುಹಾಕುತ್ತದೆ, ಬಿಸುಪು ಹಿತ ಕೊಡುತ್ತದೆ. ನನ್ನ ಅನುಭವದಲ್ಲಿ ಈ ಕೊನೆಯ ಎರಡರ ಪಾಲೇ ದೊಡ್ಡದು. ನೀವು ಮೊದಲ ದಿನ ಮಾಡಿಕೊಂಡ ಅಳತೆಯೇ ಸರಿಯಾಗಿತ್ತು: 250 ಮಿಲಿಲೀಟರ್ ನೀರಿಗೆ ಮಟ್ಟ ಮಾಡಿದ ಅರ್ಧ ಟೀ ಚಮಚ. ನೀರು ಮಣಿಕಟ್ಟಿನ ಮೇಲೆ ಹನಿ ಹಾಕಿಕೊಂಡರೆ ಬೆಚ್ಚಗೆ ಅನ್ನಿಸಬೇಕು, ಸುಡಬಾರದು. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ತಲೆಯನ್ನು ಹಿಂದಕ್ಕೆ ಬಾಗಿಸಿ, "ಆ" ಎಂದು ಸ್ವರ ಎಳೆಯುತ್ತಾ ಹದಿನೈದು ಇಪ್ಪತ್ತು ಸೆಕೆಂಡು ಗಳಗಳಿಸಿ ಉಗುಳಬೇಕು. ಲೋಟ ಮುಗಿಯುವವರೆಗೆ ಹೀಗೆ ಮಾಡಿದರೆ ಒಂದು ಸರದಿ. ದಿನಕ್ಕೆ ಮೂರು ನಾಲ್ಕು ಸರದಿ ಸಾಕು.

ಸೋಮಣ್ಣನವರ ಉಪ್ಪಿನಕಾಯಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಉಪ್ಪಿನಕಾಯಿಯಲ್ಲಿ ಉಪ್ಪು ಬಹಳ ಹೆಚ್ಚು, ಅದೂ ತಿಂಗಳುಗಟ್ಟಲೆ ಹಾಗೆಯೇ ನಿಂತಿರುತ್ತದೆ. ಗಂಟಲಿನಲ್ಲಿ ಅದು ನಿಲ್ಲುವುದು ಇಪ್ಪತ್ತು ಸೆಕೆಂಡು ಮಾತ್ರ, ಆಮೇಲೆ ಜೊಲ್ಲು ಅದನ್ನು ತೊಳೆದುಹಾಕುತ್ತದೆ. ವೈರಸ್ಸು ಪೊರೆಯ ಜೀವಕೋಶಗಳ ಒಳಗೆ ಕುಳಿತಿರುತ್ತದೆ, ಮೇಲೆ ಹರಿದುಹೋಗುವ ನೀರು ಅಲ್ಲಿಗೆ ಹೋಗುವುದಿಲ್ಲ. ನೋವು ಅರ್ಧ ಗಂಟೆಗೆ ಮರಳುವುದಕ್ಕೂ ಇದೇ ಕಾರಣ. ಉಪ್ಪು ಎಷ್ಟು ಹೆಚ್ಚಿಸಿದರೂ ಆ ಅರ್ಧ ಗಂಟೆ ಮುಕ್ಕಾಲು ಗಂಟೆಯಾಗುವುದಿಲ್ಲ.

ಮಂಜು_ತಕ್ಕಡಿ (10.41)

ಡಾಕ್ಟರು ಹೇಳಿದ್ದನ್ನು ಓದಿದ ಕೂಡಲೇ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದೆ. ಪುಡಿ ಉಪ್ಪು ಮಟ್ಟ ಮಾಡಿದ ಚಮಚಕ್ಕೆ 6 ಗ್ರಾಂ ಬಂತು. ಕಲ್ಲುಪ್ಪಿನ ಹರಳುಗಳ ನಡುವೆ ಸಂದು ಇರುವುದರಿಂದ ಅದೇ ಚಮಚಕ್ಕೆ 5 ಗ್ರಾಂ. ಆದರೆ ನಾವು ಅಭ್ಯಾಸಬಲದಿಂದ ತೆಗೆಯುವ, ಗೋಪುರದ ಹಾಗೆ ಏರಿದ ಚಮಚ 10 ಗ್ರಾಂ ದಾಟಿತು. ಹಾಗಾಗಿ "ಒಂದು ಚಮಚ" ಎನ್ನುವ ಮಾತಿನಲ್ಲೇ ಅಪಾಯವಿದೆ, ಚಾಕುವಿನ ಬೆನ್ನಿನಿಂದ ಸವರಿ ಮಟ್ಟ ಮಾಡಿಕೊಳ್ಳಿ.

ಸೋಮಣ್ಣ_ಗಿರಿನಗರ (10.50)

ಲೆಕ್ಕ ಒಪ್ಪಿದೆ. ಆದರೆ ಉಪ್ಪು ನೀರಿನಿಂದ ನೆಗಡಿಯೇ ಎರಡು ದಿನ ಮೊದಲು ವಾಸಿಯಾಗುತ್ತದೆ ಎಂದು ಇಂಗ್ಲೆಂಡಿನಲ್ಲಿ ಸಾಬೀತು ಮಾಡಿದ್ದಾರೆಂದು ಓದಿದ ನೆನಪಿದೆ. ಅದಕ್ಕೇನು ಹೇಳುತ್ತೀರಿ?

ಜಯನಗರದ_ಹಳೆಯ_ವೈದ್ಯ (11.05)

ನೀವು ಓದಿದ್ದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಇರಬೇಕು. ನೆಗಡಿ ಶುರುವಾದ ಎರಡು ದಿನದೊಳಗೆ ಉಪ್ಪು ನೀರು ಬಳಸಲು ತೊಡಗಿದವರಲ್ಲಿ ಕಾಯಿಲೆ ಸರಾಸರಿ 1.9 ದಿನ ಬೇಗ ಮುಗಿಯಿತು. ಆದರೆ ಅವರು ಗಾರ್ಗಲ್ ಮಾತ್ರ ಮಾಡಲಿಲ್ಲ, ಮೂಗನ್ನೂ ಉಪ್ಪು ನೀರಿನಿಂದ ತೊಳೆದುಕೊಂಡರು. ಫಲ ಯಾವುದರಿಂದ ಬಂತು ಎಂದು ಬೇರ್ಪಡಿಸಲು ಸಾಧ್ಯವಿಲ್ಲ. ಇದ್ದವರು 66 ಜನ, ಮತ್ತು ತಾವು ಉಪ್ಪು ನೀರು ಬಳಸುತ್ತಿದ್ದೇವೆಂದು ಅವರಿಗೆ ಗೊತ್ತಿತ್ತು. ಆಶಾದಾಯಕ ಎನ್ನಬಹುದು, ಸಾಬೀತು ಎನ್ನಲಾರೆ.

ಕಲ್ಯಾಣಿ_ಹನುಮಂತನಗರ (11.12)

ಜಪಾನಿನಲ್ಲಿ ಉಪ್ಪೇ ಇಲ್ಲದ ಬರಿಯ ನೀರಿನ ಗಾರ್ಗಲ್ ಬಗ್ಗೆ ಅಧ್ಯಯನ ಆಗಿದೆಯಲ್ಲವೇ ಸರ್?

ಜಯನಗರದ_ಹಳೆಯ_ವೈದ್ಯ (11.20)

ಹೌದು, 2005ರದು, 387 ಆರೋಗ್ಯವಂತರ ಮೇಲೆ ನಡೆದದ್ದು. ಬರಿಯ ನೀರಿನಿಂದ ಗಾರ್ಗಲ್ ಮಾಡಿದವರಿಗೆ ನೆಗಡಿ ಬರುವುದು ಕಡಿಮೆಯಾಯಿತು, ಪೊವಿಡೋನ್ ಅಯೋಡಿನ್ ಬಳಸಿದವರಿಗೆ ಅಷ್ಟು ಪ್ರಯೋಜನ ಕಾಣಲಿಲ್ಲ. ಅದು ಕಾಯಿಲೆ ಬಾರದಂತೆ ತಡೆಯುವ ವಿಚಾರ, ಬಂದ ನೋವಿನದಲ್ಲ. ಆದರೂ ಕೀಟಾಣುವನ್ನು ಕೊಲ್ಲುವ ದ್ರಾವಣವೇ ಹೆಚ್ಚು ಪ್ರಯೋಜನಕಾರಿ ಎಂಬ ನಮ್ಮ ಊಹೆಯನ್ನು ಅದು ಅಲುಗಾಡಿಸುತ್ತದೆ.

ನಾಗರತ್ನ_ಬಿಪಿ (ಮಂಗಳವಾರ, ಬೆಳಿಗ್ಗೆ 6.30)

ನನಗೆ ರಕ್ತದೊತ್ತಡವಿದೆ, ಉಪ್ಪು ಕಡಿಮೆ ತಿನ್ನಲು ಹೇಳಿದ್ದಾರೆ. ಗಾರ್ಗಲ್ ಮಾಡಬಹುದೇ?

ಜಯನಗರದ_ಹಳೆಯ_ವೈದ್ಯ (6.55)

ಉಗುಳಿದರೆ ತೊಂದರೆಯಿಲ್ಲ. ನುಂಗುವ ಅಭ್ಯಾಸವಿದ್ದರೆ ಮಾಡಬೇಡಿ. ದಿನಕ್ಕೆ ನಾಲ್ಕು ಲೋಟದ ಉಪ್ಪು ಸೇರಿದರೆ 12 ಗ್ರಾಂ ಆಗುತ್ತದೆ, ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನದ ಊಟಕ್ಕೆ ಹೇಳುವುದು 5 ಗ್ರಾಂಗಿಂತ ಕಡಿಮೆ.

ಔಷಧಿ_ಅಂಗಡಿ_ರಾಜಾಜಿನಗರ (8.10)

ನಾನು ಇಪ್ಪತ್ತೆರಡು ವರ್ಷದಿಂದ ಮೆಡಿಕಲ್ ಸ್ಟೋರ್ ನಡೆಸುತ್ತಿದ್ದೇನೆ. ಉಪ್ಪಿನ ವಿಚಾರ ಇತ್ಯರ್ಥವಾಯಿತು, ಆದರೆ ಲೋಜೆಂಜ್ ಬಗ್ಗೆ ಯಾರೂ ಕೇಳಿಲ್ಲ. ವೀಣಾ ಮೇಡಂ, ನೀವು ಚೀಪುತ್ತಿರುವ ಲೋಜೆಂಜ್ ಯಾವುದು, ದಿನಕ್ಕೆ ಎಷ್ಟು, ಜೊತೆಗೆ ಬೇರೆ ಮಾತ್ರೆ ಏನಾದರೂ ನುಂಗುತ್ತಿದ್ದೀರಾ? ರ‍್ಯಾಪರ್ ಮೇಲೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿ ಹೇಳಿ. ಅಂಗಡಿಗೆ ಬರುವವರು "ಗಂಟಲಿನ ಪೆಪ್ಪರ್‌ಮಿಂಟ್ ಕೊಡಿ" ಎನ್ನುತ್ತಾರೆ, ಆದರೆ ಒಂದೇ ಆಕಾರದ ಆ ಬಿಲ್ಲೆಗಳಲ್ಲಿ ಕೆಲವು ಬರಿಯ ಸಕ್ಕರೆ ಮತ್ತು ಮೆಂಥಾಲ್, ಕೆಲವು ಕೀಟಾಣುನಾಶಕ, ಇನ್ನು ಕೆಲವು ನಿಜವಾದ ನೋವಿನ ಔಷಧಿ.

ವೀಣಾ_ವಿಜಯನಗರ (8.32)

ದುಬೈಯಿಂದ ಬಂದ ನನ್ನ ತಮ್ಮ ತಂದುಕೊಟ್ಟದ್ದು. "ಫ್ಲರ್ಬಿಪ್ರೊಫೇನ್ 8.75 ಮಿಗ್ರಾಂ" ಎಂದಿದೆ. ನಿನ್ನೆ ಒಂಬತ್ತು ಚೀಪಿರಬಹುದು, ಪೆಪ್ಪರ್‌ಮಿಂಟ್ ಎಂದೇ ತಿಳಿದಿದ್ದೆ. ಮೈಕೈ ನೋವಿಗೆ ಬೆಳಿಗ್ಗೆ ಮತ್ತು ರಾತ್ರಿ ಐಬುಪ್ರೊಫೇನ್ 400 ನುಂಗಿದ್ದೇನೆ. ನಿನ್ನೆ ಸಂಜೆಯಿಂದ ಎದೆಯ ಕೆಳಗೆ ಉರಿ ಇದೆ, ಅದು ಉಪ್ಪು ನೀರು ಹೊಟ್ಟೆಗೆ ಹೋಗಿದ್ದರಿಂದ ಎಂದುಕೊಂಡಿದ್ದೆ.

ಔಷಧಿ_ಅಂಗಡಿ_ರಾಜಾಜಿನಗರ (8.45)

ಮೇಡಂ, ದಯವಿಟ್ಟು ಈಗಲೇ ಎರಡನ್ನೂ ನಿಲ್ಲಿಸಿ. ಫ್ಲರ್ಬಿಪ್ರೊಫೇನ್ ಮತ್ತು ಐಬುಪ್ರೊಫೇನ್ ಒಂದೇ ಮನೆತನದ ಅಣ್ಣ ತಮ್ಮಂದಿರು, ಎರಡೂ ಹೊಟ್ಟೆಯ ಒಳಪದರವನ್ನು ಕೆರಳಿಸುತ್ತವೆ. ಆ ಲೋಜೆಂಜಿನ ಡಬ್ಬಿಯ ಮೇಲೆ ಸಾಮಾನ್ಯವಾಗಿ ಬರೆದಿರುವುದು ಹೀಗೆ: ಮೂರರಿಂದ ಆರು ಗಂಟೆಗೆ ಒಂದು, ದಿನಕ್ಕೆ ಐದಕ್ಕಿಂತ ಹೆಚ್ಚು ಬೇಡ, ಮೂರು ದಿನಕ್ಕಿಂತ ಹೆಚ್ಚು ಬೇಡ, ಹನ್ನೆರಡು ವರ್ಷಕ್ಕಿಂತ ಚಿಕ್ಕವರಿಗೆ ಬೇಡ. ಅಲ್ಸರ್, ಕಿಡ್ನಿ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ, ನೋವಿನ ಮಾತ್ರೆಯಿಂದ ಉಬ್ಬಸ ಕೆರಳುವವರು, ಗರ್ಭಿಣಿಯರು ಇದನ್ನು ತಾವಾಗಿಯೇ ತೆಗೆದುಕೊಳ್ಳಲೇಬಾರದು. ಮಲ ಕಪ್ಪಗೆ ಡಾಂಬರಿನಂತೆ ಹೋದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ಅಂಗಡಿಗೆ ಬರಬೇಡಿ, ಆಸ್ಪತ್ರೆಗೆ ಹೋಗಿ.

ನೋವಿಗೆ ಪ್ಯಾರಾಸಿಟಮಾಲ್ ನಿಮಗೆ ಒಗ್ಗುವುದಾದರೆ ಅದನ್ನು ಡಬ್ಬಿಯ ಅಳತೆಯಲ್ಲಿ ನುಂಗಿ. ನುಂಗಿದ ಮಾತ್ರೆ ರಕ್ತದ ಮೂಲಕ ಗಂಟಲಿಗೆ ಬರುವುದರಿಂದ ನಾಲ್ಕಾರು ಗಂಟೆ ನಿಲ್ಲುತ್ತದೆ. ಶಾಲೆಯಲ್ಲಿ ಪಾಠಕ್ಕೆ ನಿಲ್ಲುವ ಮೊದಲು ಸಾಮಾನ್ಯ ಲೋಜೆಂಜ್ ಒಂದನ್ನು ಚೀಪಿಕೊಳ್ಳಬಹುದು.

ಶಿವು_ಪೀಣ್ಯ (9.15)

ಹಾಗಾದರೆ "ಕೀಟಾಣುನಾಶಕ" ಎಂದು ಬರೆದಿರುವ ಕೆಂಪು, ಹಳದಿ ಬಿಲ್ಲೆಗಳು? ಅವು ಸೋಂಕನ್ನು ಕೊಲ್ಲುತ್ತವೆ ಎಂದು ಟಿವಿಯಲ್ಲಿ ತೋರಿಸುತ್ತಾರೆ.

ಔಷಧಿ_ಅಂಗಡಿ_ರಾಜಾಜಿನಗರ (9.40)

ಅವುಗಳಲ್ಲಿ ಸಾಮಾನ್ಯವಾಗಿ ಅಮೈಲ್‌ಮೆಟಾಕ್ರೆಸಾಲ್ 0.6 ಮಿಗ್ರಾಂ, ಡೈಕ್ಲೋರೋಬೆಂಜೈಲ್ ಆಲ್ಕೋಹಾಲ್ 1.2 ಮಿಗ್ರಾಂ ಇರುತ್ತವೆ. ಗಾಜಿನ ನಳಿಕೆಯಲ್ಲಿ ಅವು ಕೀಟಾಣುಗಳನ್ನು ಕೊಲ್ಲುವುದು ನಿಜ, ಆದರೆ ಜೊಲ್ಲಿನಲ್ಲಿ ಕರಗಿ ನುಂಗಿಹೋಗುವ ಬಿಲ್ಲೆ ಟಾನ್ಸಿಲ್ ಒಳಗಿನ ಸೋಂಕನ್ನು ವಾಸಿಮಾಡುವುದಿಲ್ಲ. ಅವುಗಳ ನಿಜವಾದ ಉಪಯೋಗ ಬೇರೆ: ನೋವಿನ ಸುದ್ದಿ ಒಯ್ಯುವ ನರವನ್ನು ಸ್ವಲ್ಪ ಮಂಕಾಗಿಸುತ್ತವೆ. ಐದು ಹತ್ತು ನಿಮಿಷದಲ್ಲಿ ಆರಾಮ ಶುರುವಾಗಿ ಸುಮಾರು ಎರಡು ಗಂಟೆ ಇರಬಹುದು. ಔಷಧಿಯೇ ಇಲ್ಲದ ಬಿಲ್ಲೆ ಕೊಟ್ಟವರಿಗೂ ಒಂದಿಷ್ಟು ಹಿತವಾಗುತ್ತದೆ, ಏಕೆಂದರೆ ಚೀಪಿದಾಗ ಜೊಲ್ಲು ಬಂದು ಒಣಗಿದ ಗಂಟಲಿಗೆ ಪದರ ಹಿಡಿಯುತ್ತದೆ. ಅದಕ್ಕೇ ಕಡಿದು ನುಂಗಬೇಡಿ ಎನ್ನುವುದು. ಕೆನ್ನೆಯ ಆಚೀಚೆ ಸರಿಸುತ್ತಾ ತಾನಾಗಿ ಕರಗಲು ಬಿಡಬೇಕು, ಕರಗಿದ ಮೇಲೆ ಹತ್ತು ಹದಿನೈದು ನಿಮಿಷ ಕಾಫಿ ಕುಡಿಯಬಾರದು.

ಇನ್ನೊಂದು ಮಾತು, ಒಂದೊಂದರಲ್ಲೂ ಎರಡು ಗ್ರಾಂನಷ್ಟು ಸಕ್ಕರೆ ಇರುತ್ತದೆ. ಸಕ್ಕರೆ ಕಾಯಿಲೆಯವರು ಸಕ್ಕರೆಯಿಲ್ಲದ್ದನ್ನು ಕೇಳಿ ಪಡೆಯಿರಿ, ಅದನ್ನೂ ಹೆಚ್ಚು ತಿಂದರೆ ಹೊಟ್ಟೆ ಕೆಡುತ್ತದೆ.

ಅನು_ಅಮ್ಮ_ಯಲಹಂಕ (10.05)

ಒಳ್ಳೆಯ ಮಾಹಿತಿ, ಧನ್ಯವಾದಗಳು. ನನ್ನ ಮಗಳಿಗೆ ಮೂರೂವರೆ ವರ್ಷ, ಅವಳಿಗೂ ಗಂಟಲು ನೋವು. ಅರ್ಧ ಲೋಜೆಂಜ್ ಕೊಟ್ಟರೆ ಸರಿಯೇ, ಇಲ್ಲವೇ ಕಾಲು ಭಾಗ ಸಾಕೇ?

ಜಯನಗರದ_ಹಳೆಯ_ವೈದ್ಯ (10.12)

ಅಮ್ಮಾ, ಅರ್ಧವೂ ಬೇಡ, ಕಾಲೂ ಬೇಡ. ಪ್ರಶ್ನೆ ಔಷಧಿಯ ಪ್ರಮಾಣದ್ದಲ್ಲ, ಬಿಲ್ಲೆಯ ಆಕಾರದ್ದು. ಗಟ್ಟಿಯಾದ, ನುಣುಪಾದ ಚೂರು ಆ ವಯಸ್ಸಿನ ಮಗುವಿನ ಶ್ವಾಸನಾಳಕ್ಕೆ ಜಾರಿ ಸಿಕ್ಕಿಹಾಕಿಕೊಳ್ಳುತ್ತದೆ. ಕಡಲೆಬೀಜ ಸಿಕ್ಕಿಸಿಕೊಂಡು ನೀಲಿಗಟ್ಟಿ ಬಂದ ಮಕ್ಕಳನ್ನು ರಾತ್ರಿ ಡ್ಯೂಟಿಯಲ್ಲಿ ನೋಡಿದ್ದೇನೆ. ಬೆಂಜೋಕೇನ್ ಎಂಬ ಮರಗಟ್ಟಿಸುವ ಔಷಧಿ ಇರುವ ಯಾವುದನ್ನೂ ಚಿಕ್ಕ ಮಕ್ಕಳ ಬಾಯಿಗೆ ಹಾಕಬೇಡಿ. ಅಪರೂಪವಾದರೂ ಅದು ರಕ್ತವು ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕುಗ್ಗಿಸಬಲ್ಲದು.

ಮೂರೂವರೆ ವರ್ಷದ ಮಗುವಿಗೆ ಗಾರ್ಗಲ್ ಕೂಡ ಬರುವುದಿಲ್ಲ, ನುಂಗಿಬಿಡುತ್ತದೆ. ಸಾಮಾನ್ಯವಾಗಿ ಆರು ವರ್ಷದ ಮೇಲೆ ಕಲಿಸಬಹುದು. ನಿಮ್ಮ ಮಗಳಿಗೆ ಉಗುರು ಬೆಚ್ಚಗಿನ ಗಂಜಿ, ಒಂದು ಚಮಚ ಜೇನುತುಪ್ಪ ಕೊಡಿ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಕೂಡದು. ಅವಳು ನೀರು ಕುಡಿಯುತ್ತಿದ್ದಾಳೆಯೇ, ಮೂತ್ರ ಸರಿಯಾಗಿ ಹೋಗುತ್ತಿದೆಯೇ? ಜೊಲ್ಲನ್ನೂ ನುಂಗಲಾರದೆ ಸುರಿಸುತ್ತಿದ್ದರೆ, ಉಸಿರಾಡುವಾಗ ಸದ್ದು ಬರುತ್ತಿದ್ದರೆ ಇಲ್ಲಿ ಬರೆಯುತ್ತಾ ಕೂರಬೇಡಿ, ಮಕ್ಕಳ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ.

ಅನು_ಅಮ್ಮ_ಯಲಹಂಕ (10.30)

ಕುಡಿಯುತ್ತಿದ್ದಾಳೆ, ಆಟವನ್ನೂ ಆಡುತ್ತಿದ್ದಾಳೆ. ಗಂಜಿಯನ್ನೇ ಕೊಡುತ್ತೇನೆ. ಕೈಯಲ್ಲಿದ್ದ ಬಿಲ್ಲೆಯನ್ನು ಮೇಲಿನ ಕಪಾಟಿಗೆ ಎತ್ತಿಟ್ಟೆ.

ಲಲಿತಾ_ಸಂಗೀತ (11.20)

ನಾನು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ನನ್ನ ಗಂಟಲು ನೋಯುವುದಿಲ್ಲ, ಸ್ವರವೇ ಒಡೆದಿದೆ. ಐದು ದಿನದಿಂದ ಗಾರ್ಗಲ್ ಮಾಡಿದರೂ ತಾರ ಷಡ್ಜ ಹಿಡಿಯಲಾಗುತ್ತಿಲ್ಲ. ಜ್ಯೇಷ್ಠಮಧು ಜಗಿಯುತ್ತಿದ್ದೇನೆ.

ಜಯನಗರದ_ಹಳೆಯ_ವೈದ್ಯ (11.45)

ಗಾರ್ಗಲ್ ಮಾಡುವಾಗ ನೀರು ಗಂಟಲಿನ ಹಿಂಗೋಡೆಯ ಬಳಿಯವರೆಗೆ ಹೋಗುತ್ತದೆ. ಟಾನ್ಸಿಲಿನ ಮುಂಭಾಗಕ್ಕೆ, ಕಿರುನಾಲಿಗೆಯ ಸುತ್ತ ತಾಗುತ್ತದೆ. ಧ್ವನಿತಂತುಗಳು ಅದಕ್ಕಿಂತ ಕೆಳಗೆ, ಶ್ವಾಸನಾಳದ ಬಾಯಿಯಲ್ಲಿವೆ. ಅಲ್ಲಿಗೆ ಒಂದು ಹನಿ ಹೋದರೂ ನಿಮಗೆ ಕೆಮ್ಮು ಬರುತ್ತದೆ, ದೇಹ ಅದನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ಒಡೆದ ಸ್ವರಕ್ಕೆ ಗಾರ್ಗಲ್ ನೇರವಾಗಿ ಏನನ್ನೂ ಮಾಡಲಾರದು, ಲೋಜೆಂಜ್ ಕೂಡ ಹಾಗೆಯೇ. ನಿಮಗೆ ಬೇಕಾದದ್ದು ಮಾತಿಗೆ ವಿಶ್ರಾಂತಿ ಮತ್ತು ಸಾಕಷ್ಟು ನೀರು. ಪಿಸುಗುಟ್ಟುವುದೂ ವಿಶ್ರಾಂತಿಯಲ್ಲ. ಮೂರು ವಾರ ದಾಟಿದರೂ ಸ್ವರ ಸರಿಯಾಗದಿದ್ದರೆ ಧ್ವನಿತಂತುಗಳನ್ನು ನೋಡಿಸಲೇಬೇಕು. ಜ್ಯೇಷ್ಠಮಧುವನ್ನು ದಿನವೂ ಹೆಚ್ಚಾಗಿ ಜಗಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಮಿತಿಯಲ್ಲಿರಲಿ.

ಸೋಮಣ್ಣ_ಗಿರಿನಗರ (12.10)

ಜ್ಯೇಷ್ಠಮಧುವನ್ನೂ ಬಿಡಿಸಿದಿರಿ. ಅರಿವಳಿಕೆ ಕೊಟ್ಟು ಗಂಟಲಿಗೆ ನಳಿಕೆ ಹಾಕುವ ಮೊದಲು ಅದರ ಕಷಾಯದಿಂದ ಗಾರ್ಗಲ್ ಮಾಡಿಸಿದರೆ ಆಮೇಲಿನ ನೋವು ಕಡಿಮೆ ಎಂದು ನನ್ನ ಅಳಿಯನೇ ಹೇಳಿದ್ದಾನೆ, ಅವನು ಅರಿವಳಿಕೆ ವಿಭಾಗದಲ್ಲಿದ್ದಾನೆ.

ಜಯನಗರದ_ಹಳೆಯ_ವೈದ್ಯ (12.22)

ನಿಮ್ಮ ಅಳಿಯ ಹೇಳಿದ್ದು ಸರಿ, ಅದಕ್ಕೆ ಒಳ್ಳೆಯ ಅಧ್ಯಯನಗಳಿವೆ. ನಳಿಕೆ ಉಜ್ಜಿ ಆಗುವ ನೋವು ಬೇರೆ, ನೆಗಡಿಯ ನೋವು ಬೇರೆ. ಒಂದರಲ್ಲಿ ಫಲಿಸಿದ್ದು ಇನ್ನೊಂದರಲ್ಲಿ ಫಲಿಸುತ್ತದೆಯೇ ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕು. ನಾನು ಬಿಡಿಸಲಿಲ್ಲ, ಮಿತಿ ಎಂದೆ.

ಪದ್ಮ_ಬನಶಂಕರಿ (ಮಧ್ಯಾಹ್ನ 2.15)

ಈ ಚರ್ಚೆಯನ್ನು ಓದುತ್ತಾ ನನ್ನ ಕೈ ನಡುಗುತ್ತಿದೆ, ಏಕೆಂದರೆ ಇಲ್ಲಿಯವರೆಗೆ ಯಾರೂ ಹೇಳದ ಒಂದು ಸಂಗತಿ ನನ್ನ ಮೈಮೇಲೆಯೇ ನಡೆದಿದೆ.

ನನಗೆ ಥೈರಾಯ್ಡ್ ಹೆಚ್ಚಾಗಿ ಕೆಲಸ ಮಾಡುವ ತೊಂದರೆ ಇತ್ತು, ತೂಕ ಇಳಿದು ಎದೆ ಬಡಿದುಕೊಳ್ಳುತ್ತಿತ್ತು. ಕಾರ್ಬಿಮಝೋಲ್ ಮಾತ್ರೆ ಕೊಟ್ಟರು. ಮಾತ್ರೆ ಶುರುಮಾಡಿದ ಆರನೆಯ ವಾರದಲ್ಲಿ ಗಂಟಲು ನೋವು ಬಂತು. ಮನೆಯಲ್ಲಿ ಎಲ್ಲರಿಗೂ ನೆಗಡಿ ಇದ್ದುದರಿಂದ ನನಗೂ ಅದೇ ಎಂದುಕೊಂಡು ಉಪ್ಪು ನೀರು, ಲೋಜೆಂಜ್, ಅರಿಸಿನ ಹಾಲು ಎಲ್ಲವನ್ನೂ ಮೂರು ದಿನ ಮಾಡಿದೆ. ಗಾರ್ಗಲ್ ಮಾಡಿದಾಗಲೆಲ್ಲ ಹಿತವೆನಿಸುತ್ತಿತ್ತು, ಅದೇ ನನ್ನನ್ನು ಮೋಸಗೊಳಿಸಿತು. ಎರಡನೆಯ ರಾತ್ರಿಯಿಂದ ಜ್ವರ ಬಂತು, ಬಾಯಿಯೊಳಗೆ ಹುಣ್ಣುಗಳೆದ್ದವು, ಆದರೆ ಮೂಗು ಸೋರಲಿಲ್ಲ, ಕೆಮ್ಮೂ ಇರಲಿಲ್ಲ. ಮಾತ್ರೆ ಬರೆದುಕೊಟ್ಟಾಗ ಗಂಟಲು ನೋವು ಬಂದರೆ ಏನು ಮಾಡಬೇಕೆಂದು ಅಲ್ಲಿ ಯಾರೂ ನನಗೆ ತಿಳಿಸಿರಲಿಲ್ಲ. ನಾಲ್ಕನೆಯ ದಿನ ಬೇರೊಂದು ಕಡೆಯ ವೈದ್ಯೆ ರಕ್ತ ಪರೀಕ್ಷೆ ಮಾಡಿಸಿದಾಗ ಸೋಂಕಿನೊಡನೆ ಹೋರಾಡುವ ನ್ಯೂಟ್ರೋಫಿಲ್ ಕಣಗಳು ಕೇವಲ 200 ಇದ್ದವು. ಅದು 1,500ಕ್ಕಿಂತ ಮೇಲಿರಬೇಕಂತೆ. ಮಾತ್ರೆಯನ್ನು ಅಂದೇ ನಿಲ್ಲಿಸಿ ಒಂಬತ್ತು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಬದುಕಿ ಬಂದೆ.

ನಿಮ್ಮ ಮನೆಯಲ್ಲಿ ಯಾರಾದರೂ ಈ ಮಾತ್ರೆಯಲ್ಲಿದ್ದರೆ, ಜ್ವರ ಅಥವಾ ಗಂಟಲು ನೋವು ಬಂದ ದಿನವೇ ರಕ್ತ ಪರೀಕ್ಷೆ ಆಗಬೇಕು. ಉಪ್ಪು ನೀರಿಗೆ ಕಾಯಬೇಡಿ.

ರುಕ್ಮಿಣಿ_ಕೆಂಗೇರಿ (2.40)

ಅಯ್ಯೋ, ನಾನೂ ಹತ್ತು ವರ್ಷದಿಂದ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದೇನೆ. ಬೆಳಿಗ್ಗೆ ಬರಿಯ ಹೊಟ್ಟೆಯಲ್ಲಿ ಒಂದು. ಇವತ್ತೇ ನಿಲ್ಲಿಸಬೇಕೇ?

ಪದ್ಮ_ಬನಶಂಕರಿ (2.46)

ನಿಲ್ಲಿಸಬೇಡಿ ಅಕ್ಕ. ಡಬ್ಬಿಯ ಹೆಸರು ನೋಡಿ. ಥೈರಾಕ್ಸಿನ್ ಎಂದಿದ್ದರೆ ಅದು ಕಡಿಮೆ ಕೆಲಸ ಮಾಡುವ ಥೈರಾಯ್ಡಿಗೆ ಕೊಡುವ ಮಾತ್ರೆ, ನನ್ನದು ಅದಕ್ಕೆ ವಿರುದ್ಧವಾದದ್ದು.

ಜಯನಗರದ_ಹಳೆಯ_ವೈದ್ಯ (3.10)

ಪದ್ಮ ಅವರು ಹೇಳಿದ್ದೆಲ್ಲವೂ ಸರಿಯಾಗಿದೆ, ನಾನು ಮೊದಲೇ ಬರೆಯಬೇಕಿತ್ತು. ರುಕ್ಮಿಣಿ ಅವರೇ, ಥೈರಾಕ್ಸಿನ್ನಿಂದ ಈ ಅಪಾಯವಿಲ್ಲ. ಕಾರ್ಬಿಮಝೋಲ್‌ನಿಂದ ಹೀಗಾಗುವುದು ಅಪರೂಪ, ಆದರೆ ಆದಾಗ ಹೆಚ್ಚಾಗಿ ಮೊದಲ ಮೂರು ತಿಂಗಳೊಳಗೆ ಆಗುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪೀನ್, ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್, ಕ್ಯಾನ್ಸರಿನ ಕೀಮೋಥೆರಪಿ ಪಡೆಯುತ್ತಿರುವವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಇನ್ನೊಂದು ವರ್ಗವೂ ಇದೆ. ಐದರಿಂದ ಹದಿನೈದು ವರ್ಷದ ಮಗುವಿಗೆ ಹಠಾತ್ತನೆ ಜ್ವರ ಬಂದು, ಕೆಮ್ಮು ನೆಗಡಿ ಇಲ್ಲದೆ, ಟಾನ್ಸಿಲ್ ಮೇಲೆ ಬಿಳಿಯ ಕೀವಿನ ಚುಕ್ಕೆ, ದವಡೆಯ ಕೆಳಗೆ ಮುಟ್ಟಿದರೆ ನೋಯುವ ಗಂಟು ಕಂಡರೆ ಅದು ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಇರಬಹುದು. ಗಂಟಲಿನ ಸ್ವಾಬ್ ಪರೀಕ್ಷೆಯಿಂದ ತಿಳಿಯುತ್ತದೆ. ಗಾರ್ಗಲ್‌ನಿಂದ ಆ ನೋವೂ ತಗ್ಗುತ್ತದೆ, ಗಂಟಲು ತಾನಾಗಿಯೇ ವಾಸಿಯಾದಂತೆಯೂ ಕಾಣುತ್ತದೆ. ಆದರೆ ಕೆಲವರಲ್ಲಿ ಎರಡು ಮೂರು ವಾರದ ನಂತರ ಕೀಲು ಊದಿ, ಹೃದಯದ ಕವಾಟ ಹಾಳಾಗುವ ರುಮಾಟಿಕ್ ಜ್ವರ ಬರುತ್ತದೆ. ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಸರಿಯಾದ ಆ್ಯಂಟಿಬಯೋಟಿಕ್ ಆರಂಭಿಸಿದರೆ ಅದನ್ನು ತಡೆಯಬಹುದು. ವೀಣಾ ಅವರಿಗೆ ಮೂಗು ಸೋರುತ್ತಿದೆ, ಕೆಮ್ಮಿದೆ, ಜ್ವರವಿಲ್ಲ. ಅವರದು ವೈರಸ್ಸಿನ ನೋವೆಂದೇ ತೋರುತ್ತದೆ, ಆ್ಯಂಟಿಬಯೋಟಿಕ್ ಬೇಡ.

ಶಿವು_ಪೀಣ್ಯ (3.30)

ಒಂದೇ ಕಡೆ ಊದಿ, ಬಾಯಿ ತೆರೆಯಲಾಗದಿದ್ದರೆ?

ಜಯನಗರದ_ಹಳೆಯ_ವೈದ್ಯ (3.34)

ಟಾನ್ಸಿಲ್ ಹಿಂದೆ ಕೀವು ಕಟ್ಟಿರಬಹುದು. ಮಾತು ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವರಂತೆ ಕೇಳಿಸುತ್ತದೆ. ಅಂದೇ ಕಿವಿ, ಮೂಗು, ಗಂಟಲಿನ ವೈದ್ಯರ ಬಳಿ ಹೋಗಬೇಕು, ಕೀವು ತೆಗೆಯಬೇಕಾಗುತ್ತದೆ.

ವೀಣಾ_ವಿಜಯನಗರ (ಗುರುವಾರ, ರಾತ್ರಿ 8.50)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಂಗಳವಾರ ಮಧ್ಯಾಹ್ನದಿಂದ ಫ್ಲರ್ಬಿಪ್ರೊಫೇನ್, ಐಬುಪ್ರೊಫೇನ್ ಎರಡನ್ನೂ ನಿಲ್ಲಿಸಿದೆ, ಎದೆಯ ಕೆಳಗಿನ ಉರಿ ನಿನ್ನೆ ಸಂಜೆಗೆ ಹೋಯಿತು. ಅಳತೆಯ ಲೋಟದಲ್ಲಿ 250 ಮಿಲಿಲೀಟರ್ ನೀರು, ಚಾಕುವಿನಿಂದ ಸವರಿದ ಅರ್ಧ ಚಮಚ ಉಪ್ಪು ಹಾಕಿ ಬೆಳಿಗ್ಗೆ, ಶಾಲೆಯಿಂದ ಬಂದ ಮೇಲೆ, ಮಲಗುವ ಮುನ್ನ ಮೂರು ಸರದಿ ಮಾಡುತ್ತಿದ್ದೇನೆ. ಉರಿ ಸಂಪೂರ್ಣ ನಿಂತಿದೆ. ಹಿತ ಈಗಲೂ ಅರ್ಧ ಗಂಟೆಯೇ, ಆದರೆ ನೋವೇ ಅರ್ಧದಷ್ಟಾಗಿರುವುದರಿಂದ ಅಷ್ಟು ಸಾಕಾಗುತ್ತಿದೆ.

ರಾತ್ರಿ ಮಾತ್ರ ಎರಡು ಗಂಟೆಗೆ ಗಂಟಲು ಒಣಗಿ ಎಚ್ಚರವಾಗುತ್ತದೆ. ಲೋಜೆಂಜ್ ಬಾಯಲ್ಲಿಟ್ಟುಕೊಂಡು ಮಲಗಬಹುದೇ?

ಔಷಧಿ_ಅಂಗಡಿ_ರಾಜಾಜಿನಗರ (9.05)

ಬೇಡ ಮೇಡಂ, ನಿದ್ದೆಯಲ್ಲಿ ಅದು ದೊಡ್ಡವರಿಗೂ ಗಂಟಲಿಗೆ ಜಾರಬಹುದು, ಹಲ್ಲಿಗೂ ರಾತ್ರಿಯಿಡೀ ಸಕ್ಕರೆ ಹತ್ತಿರುತ್ತದೆ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತಿರುವುದರಿಂದ ಗಂಟಲು ಒಣಗುತ್ತಿದೆ. ಮಲಗುವ ಮುನ್ನ ಮೂಗಿಗೆ ಅಂಗಡಿಯಲ್ಲಿ ಸಿಗುವ ಉಪ್ಪು ನೀರಿನ ಹನಿ ಹಾಕಿಕೊಳ್ಳಿ, ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬೀಳದಂತೆ ಮಾಡಿ, ಪಕ್ಕದಲ್ಲಿ ನೀರಿನ ಚೊಂಬು ಇರಲಿ.

ಸೋಮಣ್ಣ_ಗಿರಿನಗರ (9.20)

ನಾನೂ ಈ ಎರಡು ದಿನ ಅರ್ಧ ಚಮಚದಲ್ಲೇ ಮಾಡಿ ನೋಡಿದೆ. ಹಿತ ಮೊದಲಿನಷ್ಟೇ ಇತ್ತು, ಅದನ್ನು ಒಪ್ಪಲೇಬೇಕು. ಆದರೆ ನೀರು ನಮಗೆ ಬಿಸಿಯೇ ಇರಬೇಕು ಎಂಬುದನ್ನು ಮಾತ್ರ ನಾನು ಬಿಡುವವನಲ್ಲ.

ಜಯನಗರದ_ಹಳೆಯ_ವೈದ್ಯ (9.31)

ಮಣಿಕಟ್ಟಿಗೆ ಸುಡದಿದ್ದರೆ ಸರಿ, ಸೋಮಣ್ಣನವರೇ. ತಣ್ಣೀರಿಗಿಂತ ಬಿಸಿನೀರೇ ಮೇಲು ಎನ್ನಲು ನನ್ನ ಬಳಿಯೂ ಗಟ್ಟಿ ಆಧಾರವಿಲ್ಲ. ಕೆಲವರಿಗೆ ಮಂಜುಗಡ್ಡೆಯ ಚೂರು ಚೀಪಿದರೆ ಹೆಚ್ಚು ಹಿತ.

ಕಲ್ಯಾಣಿ_ಹನುಮಂತನಗರ (9.36)

ಗಂಟಲು ನೋವಿಗೆ ಮಂಜುಗಡ್ಡೆಯೇ? ನಮ್ಮ ಅತ್ತೆಯವರ ಮುಂದೆ ಈ ಮಾತನ್ನು ಹೇಗೆ ಎತ್ತಲಿ ಸರ್?

ಲಲಿತಾ_ಸಂಗೀತ (9.50)

ಎರಡು ದಿನ ಪಾಠ ನಿಲ್ಲಿಸಿ ಮೌನವಾಗಿದ್ದೆ. ಇವತ್ತು ಮಧ್ಯಮದವರೆಗೆ ಸ್ವರ ಬಂತು.